ಕನ್ನಂಬಾಡಿಯ ನೀರಿಗೆ ಸ್ಪೀಡೋಮೀಟರ್ ಏಕೆ?

ಮುಂಗಾರು ಕಾಲಿಟ್ಟ ಕೂಡಲೇ ಕನ್ನಡ ಪತ್ರಿಕೆಗಳ ಮೂಲೆಯಲ್ಲಿ ಪುಟ್ಟ ಕೋಷ್ಟಕವೊಂದು ಕಾಣಿಸಿಕೊಳ್ಳುತ್ತದೆ. ಜಲಾಶಯದ ಹೆಸರು, ಗರಿಷ್ಠ ಮಟ್ಟ, ಇಂದಿನ ಮಟ್ಟ, ಕಳೆದ ವರ್ಷ ಇದೇ ದಿನ ಇದ್ದ ಮಟ್ಟ, ಒಳಹರಿವು, ಹೊರಹರಿವು. ಮಂಡ್ಯದ ಭತ್ತದ ರೈತನೂ ಬೆಂಗಳೂರಿನಲ್ಲಿ ಕಾವೇರಿ ನಲ್ಲಿಯನ್ನು ನಂಬಿ ಕೂತ ಗೃಹಿಣಿಯೂ ಅದರ ಮೇಲೆ ಕಣ್ಣಾಡಿಸುತ್ತಾರೆ. ಇಬ್ಬರಿಗೂ ಬೇಕಾದದ್ದು ಒಂದೇ: ಈಗ ಎಷ್ಟು ನೀರಿದೆ, ಈ ಹೊತ್ತಿಗೆ ಎಷ್ಟಿರಬೇಕಿತ್ತು.

ಇದೇ ಅಂಕಿಗಳನ್ನು ಕಂಪ್ಯೂಟರಿನ ಡ್ಯಾಶ್‌ಬೋರ್ಡಿಗೆ ಏರಿಸಬೇಕಾದವರು ಎಷ್ಟೋ ಸಲ ಮೊದಲು ಕೈಹಾಕುವುದು ಗೇಜ್ ಚಾರ್ಟಿಗೆ. ಅರ್ಧ ವೃತ್ತ, ಎಡಗಡೆ ಕೆಂಪು, ನಡುವೆ ಹಳದಿ, ಬಲಗಡೆ ಹಸಿರು, ಮಧ್ಯದಲ್ಲೊಂದು ಮುಳ್ಳು. ಕಾರಿನ ಸ್ಪೀಡೋಮೀಟರನ್ನು ಹೋಲುವುದರಿಂದ ಯಾರಿಗೂ ಪರಿಚಯ ಹೇಳಿಕೊಡಬೇಕಾಗಿಲ್ಲ. ಆದರೆ ಪತ್ರಿಕೆಯ ಆ ಹಳೆಯ ಕೋಷ್ಟಕ ನಾಲ್ಕು ಸಾಲಿನಲ್ಲಿ ಹೇಳಿದ್ದನ್ನು ನಾಲ್ಕು ಗೇಜ್‌ಗಳು ಅರ್ಧ ಪುಟ ತುಂಬಿದರೂ ಹೇಳುವುದಿಲ್ಲ.

ಸ್ಪೀಡೋಮೀಟರ್ ದುಂಡಗಿರುವುದಕ್ಕೆ ಗಟ್ಟಿ ಕಾರಣವಿದೆ. ಓಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಮಾದರಿಯಲ್ಲಿ, ಚಕ್ರದ ಜೊತೆ ತಿರುಗುವ ಕೇಬಲ್ಲಿನ ತುದಿಗೆ ಆಯಸ್ಕಾಂತವಿರುತ್ತದೆ. ಅದು ತಿರುಗಿದಂತೆ ಪಕ್ಕದ ಲೋಹದ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಬಟ್ಟಲನ್ನು ತನ್ನ ಜೊತೆ ಎಳೆಯುತ್ತದೆ. ಒಂದು ತೆಳುವಾದ ಸ್ಪ್ರಿಂಗ್ ಬಟ್ಟಲನ್ನು ಹಿಂದಕ್ಕೆ ಹಿಡಿಯುತ್ತದೆ. ವೇಗ ಹೆಚ್ಚಿದಷ್ಟೂ ಎಳೆತ ಹೆಚ್ಚು, ಬಟ್ಟಲು ತಿರುಗುವ ಕೋನವೂ ಹೆಚ್ಚು. ಬಟ್ಟಲಿಗೆ ಮುಳ್ಳು ಸಿಕ್ಕಿಸಿದರೆ ಮುಗಿಯಿತು. ತಿರುಗುವ ಯಂತ್ರಕ್ಕೆ ತಿರುಗುವ ಮುಳ್ಳೇ ಅಗ್ಗ, ಅದೇ ಸರಳ.

ಕಂಪ್ಯೂಟರ್ ಪರದೆಯ ಹಿಂದೆ ಅಂಥ ಬಟ್ಟಲೂ ಇಲ್ಲ, ಸ್ಪ್ರಿಂಗೂ ಇಲ್ಲ. ದುಂಡಗಿನ ಮುಖವನ್ನು ಚಿತ್ರ ಬಿಡಿಸಿ ತರಬೇಕು. ಎಕ್ಸೆಲ್‌ನಲ್ಲಿ ಗೇಜ್ ಮಾಡುವ ರೂಢಿಯ ವಿಧಾನವನ್ನೇ ನೋಡಿ: ಡೋನಟ್ ಚಾರ್ಟ್ ಬರೆದು, 270 ಡಿಗ್ರಿ ತಿರುಗಿಸಿ, ಕೆಳಗಿನ ಅರ್ಧಕ್ಕೆ ಬಣ್ಣವೇ ಇಲ್ಲದಂತೆ ಮಾಡಿ ಮರೆಮಾಚುತ್ತಾರೆ. ಕಾಣದಿದ್ದರೂ ಆ ಅರ್ಧ ಹಾಳೆಯ ಮೇಲೆ ಕೂತೇ ಇರುತ್ತದೆ.

ಕಾಣುವ ಅರ್ಧದ ಲೆಕ್ಕವನ್ನೂ ಮಾಡಬಹುದು. 6 ಸೆಂಟಿಮೀಟರ್ ಅಗಲದ ಗೇಜ್ ತೆಗೆದುಕೊಂಡರೆ ಅದರ ಎತ್ತರ 3 ಸೆಂಟಿಮೀಟರ್. ಅಂದರೆ 18 ಚದರ ಸೆಂಟಿಮೀಟರ್ ಜಾಗ. ಬಣ್ಣದ ಪಟ್ಟಿ 0.6 ಸೆಂಟಿಮೀಟರ್ ದಪ್ಪವಿದ್ದರೆ ಅದರ ವಿಸ್ತೀರ್ಣ ಸುಮಾರು 5 ಚದರ ಸೆಂಟಿಮೀಟರ್. ಉಳಿದ ಹತ್ತಿರಹತ್ತಿರ ಮುಕ್ಕಾಲು ಭಾಗದಲ್ಲಿ ಒಂದು ಮುಳ್ಳು ಬಿಟ್ಟರೆ ಏನೂ ಇಲ್ಲ. ಅದೇ ಪಟ್ಟಿಯನ್ನು ನೆಟ್ಟಗೆ ಮಾಡಿ 6 ಸೆಂಟಿಮೀಟರ್ ಅಗಲದಲ್ಲೇ ಇಟ್ಟರೆ 3.6 ಚದರ ಸೆಂಟಿಮೀಟರ್ ಸಾಕು, ಐದನೆಯ ಒಂದು ಪಾಲು.

ಗೇಜ್ ಪರವಾಗಿ ಇಲ್ಲೊಂದು ಮಾತು ಹೇಳಲೇಬೇಕು. ಬಾಗಿದ ಗೆರೆ ನೆಟ್ಟಗಿನ ಗೆರೆಗಿಂತ ಉದ್ದ. 6 ಸೆಂಟಿಮೀಟರ್ ಅಗಲದೊಳಗೆ ಅದರ ಹೊರಅಂಚು 9.4 ಸೆಂಟಿಮೀಟರ್ ಉದ್ದದ ಅಳತೆಪಟ್ಟಿಯನ್ನು ಹಿಡಿಸುತ್ತದೆ. ಆದರೆ ಅಷ್ಟೇ ಉದ್ದದ ಪಟ್ಟಿಯನ್ನು ನೇರವಾಗಿ ಬರೆದರೂ 5.6 ಚದರ ಸೆಂಟಿಮೀಟರ್ ದಾಟುವುದಿಲ್ಲ. ಗೇಜ್ ಕೇಳುವ ಜಾಗದ ಮೂರನೆಯ ಒಂದು ಪಾಲೂ ಅಲ್ಲ.

ಜಾಗ ಉಳಿಸುವುದು ಬರೀ ಜಿಪುಣತನವಲ್ಲ. ಪರದೆಯಲ್ಲಿ ಒಂದು ಅಂಕಿ ಹೆಚ್ಚು ಜಾಗ ಹಿಡಿದರೆ ಅದರ ಪಕ್ಕದಲ್ಲಿರಬೇಕಾದ ಇನ್ನೊಂದು ಅಂಕಿ ಆಚೆ ಹೋಗುತ್ತದೆ, ಹೋಲಿಕೆ ಅಲ್ಲಿಗೆ ತಪ್ಪುತ್ತದೆ. ಹೋಲಿಸುವಾಗ ಕಣ್ಣು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅಮೆರಿಕದ ಬೆಲ್ ಲ್ಯಾಬೊರೇಟರೀಸ್‌ನ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದವು. ಒಂದೇ ಅಳತೆಪಟ್ಟಿಯ ಮೇಲೆ ಯಾವುದು ಎಲ್ಲಿದೆ ಎಂದು ನೋಡಿ ಅಂದಾಜು ಮಾಡುವುದರಲ್ಲಿ ಜನ ಅತ್ಯಂತ ಕಡಿಮೆ ತಪ್ಪು ಮಾಡಿದರು. ಕೋನ ನೋಡಿ ಮಾಡಿದ ಅಂದಾಜಿನ ತಪ್ಪು ಅದರ ಸುಮಾರು ಎರಡು ಪಟ್ಟು. ಅವರು ಹೋಲಿಸಿದ್ದು ಬಾರ್ ಚಾರ್ಟನ್ನು ಪೈ ಚಾರ್ಟಿನ ಜೊತೆ, ಗೇಜ್ ಜೊತೆಗಲ್ಲ. ಗೇಜಿನ ಅಂಚಿನಲ್ಲಿ ಅಂಕಿಗಳಿದ್ದರೆ ಒಂದು ಮುಳ್ಳನ್ನು ಯಾರು ಬೇಕಾದರೂ ಸರಿಯಾಗಿ ಓದಬಹುದು. ಪಕ್ಕಪಕ್ಕದಲ್ಲಿ ನಾಲ್ಕು ಗೇಜ್ ಇಟ್ಟು, ಎರಡನೆಯದರ ಮುಳ್ಳು ನಾಲ್ಕನೆಯದಕ್ಕಿಂತ ಎಷ್ಟು ಮುಂದಿದೆ ಎಂದು ಕೇಳಿದಾಗ ಕಷ್ಟ ಶುರುವಾಗುತ್ತದೆ. ಆಗ ಓದುಗ ಚಿತ್ರ ಬಿಟ್ಟು ಕೆಳಗೆ ಬರೆದ ಸಂಖ್ಯೆಯನ್ನು ಓದತೊಡಗುತ್ತಾನೆ.

ಇದಕ್ಕಿಂತ ದೊಡ್ಡ ನಷ್ಟ ಬಣ್ಣದಲ್ಲಿದೆ. ಕೃಷ್ಣರಾಜಸಾಗರದ ಒಟ್ಟು ಸಾಮರ್ಥ್ಯ 49.45 ಟಿಎಂಸಿ ಅಡಿ. ಒಂದು ದಿನ ಅಲ್ಲಿ 31 ಟಿಎಂಸಿ ನೀರಿದೆ ಎಂದಿಟ್ಟುಕೊಳ್ಳೋಣ, ಅಂದರೆ ಶೇ 63. ಗೇಜನ್ನು ಸಮ ಮೂರು ಪಾಲು ಮಾಡಿ ಬಣ್ಣ ಬಳಿದಿದ್ದರೆ ಮುಳ್ಳು ಹಳದಿಯಲ್ಲಿ ನಿಲ್ಲುತ್ತದೆ. ಅದು ಜೂನ್ ಮೊದಲ ವಾರವಾಗಿದ್ದರೆ ಆ ನೀರು ಸಂಭ್ರಮ ಪಡಬೇಕಾದ ನೀರು. ಮಳೆಗಾಲ ಮುಗಿದ ಅಕ್ಟೋಬರ್ ಕೊನೆಯಾಗಿದ್ದರೆ ಮುಂದಿನ ಬೇಸಿಗೆಯ ಚಿಂತೆ ಆಗಲೇ ಹತ್ತಬೇಕು. ಎರಡೂ ದಿನ ಗೇಜ್ ತೋರಿಸುವುದು ಅದೇ ಹಳದಿ. ಬಣ್ಣವೇನೋ ಒಳ್ಳೆಯದು ಕೆಟ್ಟದ್ದು ಎಂದು ತೀರ್ಪು ಕೊಟ್ಟಂತೆ ಕಾಣುತ್ತದೆ, ಆದರೆ ಆ ತೀರ್ಪಿಗೆ ಆಧಾರವಾಗಿ ಚಿತ್ರದಲ್ಲಿ ಏನೂ ಇಲ್ಲ.

ಡ್ಯಾಶ್‌ಬೋರ್ಡ್‌ಗಳಲ್ಲಿ ಗೇಜ್ ತುಂಬಿಕೊಳ್ಳುತ್ತಿದ್ದುದನ್ನು ಕಂಡು ಅದರ ಜಾಗಕ್ಕೆಂದೇ ಬೇರೊಂದು ಚಿತ್ರವನ್ನು ರೂಪಿಸಿದವರು ಅಮೆರಿಕದ ಸ್ಟೀಫನ್ ಫ್ಯೂ. ಡ್ಯಾಶ್‌ಬೋರ್ಡ್ ವಿನ್ಯಾಸದ ಬಗ್ಗೆ 2006ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ಇದನ್ನು ವಿವರಿಸಿ ಬುಲೆಟ್ ಗ್ರಾಫ್ ಎಂದು ಕರೆದರು. ಈಗ ಬುಲೆಟ್ ಚಾರ್ಟ್ ಎಂದೇ ಹೆಚ್ಚು ಬಳಕೆ.

ನೋಡಲು ಅದು ಥರ್ಮಾಮೀಟರನ್ನು ಮಲಗಿಸಿದ ಹಾಗಿರುತ್ತದೆ. ತಳದಲ್ಲಿ ಅಗಲವಾದ ಪಟ್ಟಿ. ಒಂದೇ ಬಣ್ಣದ ಮೂರು ನಾಲ್ಕು ಛಾಯೆಗಳಲ್ಲಿ, ಗಾಢದಿಂದ ತಿಳಿಗೆ ಸಾಗುತ್ತ, ಯಾವುದು ತೀರಾ ಕಡಿಮೆ, ಯಾವುದು ಪರವಾಗಿಲ್ಲ, ಯಾವುದು ಚೆನ್ನ ಎಂಬ ಹಂತಗಳನ್ನು ಹೇಳುತ್ತದೆ. ಅದರ ನಡುವೆ ಹಾಯುವ ಕಪ್ಪು ಕಿರುಪಟ್ಟಿ ಇವತ್ತಿನ ಅಳತೆ. ಅಡ್ಡಲಾಗಿ ನಿಂತ ಒಂದು ಗಿಡ್ಡ ಗೆರೆ, ಹೋಲಿಸಬೇಕಾದ ಅಳತೆ. ಎಡಕ್ಕೆ ಹೆಸರು, ಕೆಳಗೆ ಅಂಕಿಗಳ ಸಾಲು. ಕಪ್ಪು ಪಟ್ಟಿ ಗೆರೆಯನ್ನು ಮುಟ್ಟಿತೇ, ದಾಟಿತೇ, ಹಿಂದೆ ಉಳಿಯಿತೇ, ಎಷ್ಟು ಹಿಂದೆ ಎನ್ನುವುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಛಾಯೆಗಳು ಒಂದೇ ಬಣ್ಣದಲ್ಲಿರಲಿ ಎಂದು ಫ್ಯೂ ಹೇಳಿದ್ದರ ಹಿಂದೆ ಅನುಭವವಿದೆ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ಪ್ರತಿ ಊರಿನಲ್ಲೂ ಇದ್ದಾರೆ, ಅದರಲ್ಲೂ ಗಂಡಸರಲ್ಲಿ ಹೆಚ್ಚು. ಕಪ್ಪುಬಿಳುಪು ಪುಟದಲ್ಲಿ ಅಚ್ಚಾದರಂತೂ ಎಲ್ಲರ ಕಣ್ಣಿಗೂ ಕೆಂಪು ಹಸಿರು ಎರಡೂ ಒಂದೇ ಬೂದಿಯಾಗಿಬಿಡಬಹುದು. ಗಾಢ ಬೂದು, ತಿಳಿ ಬೂದು ಮಾತ್ರ ಜೆರಾಕ್ಸ್ ಪ್ರತಿಯಲ್ಲೂ ಬೇರೆಬೇರೆಯಾಗಿಯೇ ಉಳಿಯುತ್ತವೆ.

ಈಗ ಕನ್ನಂಬಾಡಿಯ ನೀರನ್ನೇ ಇದರಲ್ಲಿ ಬರೆದು ನೋಡಬಹುದು. ಹಂತಗಳನ್ನು ಮನಬಂದಂತೆ ಹಾಕಬೇಕಾಗಿಲ್ಲ. ಕೇಂದ್ರ ಜಲ ಆಯೋಗ ದೇಶದ ಮುಖ್ಯ ಜಲಾಶಯಗಳ ಬಗ್ಗೆ ಪ್ರತಿ ವಾರ ವರದಿ ಹೊರಡಿಸುತ್ತದೆ. ಅದರಲ್ಲಿ ಇಂದಿನ ಸಂಗ್ರಹದ ಪಕ್ಕದಲ್ಲಿ ಕಳೆದ ವರ್ಷ ಇದೇ ಹೊತ್ತಿನ ಸಂಗ್ರಹವೂ ಕಳೆದ ಹತ್ತು ವರ್ಷಗಳ ಸರಾಸರಿಯೂ ಇರುತ್ತವೆ. ಆ ಸರಾಸರಿಯನ್ನೇ ಆಯೋಗ ವಾಡಿಕೆಯ ಸಂಗ್ರಹವೆಂದು ಹಿಡಿಯುತ್ತದೆ. ನದಿ ಕೊಳ್ಳಗಳನ್ನು ವಿಂಗಡಿಸುವಾಗ, ವಾಡಿಕೆಗಿಂತ ಹೆಚ್ಚಿದ್ದರೆ ಉತ್ತಮ. ಕೊರತೆ ಶೇ 20ರೊಳಗಿದ್ದರೆ ವಾಡಿಕೆಗೆ ಸಮೀಪ. ಅದನ್ನು ದಾಟಿ ಶೇ 60ರವರೆಗಿದ್ದರೆ ಕೊರತೆ. ಇನ್ನೂ ಹೆಚ್ಚಿದ್ದರೆ ತೀವ್ರ ಕೊರತೆ. ಬುಲೆಟ್ ಚಾರ್ಟಿಗೆ ಬೇಕಾದ ನಾಲ್ಕು ಛಾಯೆಗಳು ಇಲ್ಲೇ ಸಿದ್ಧವಾಗಿವೆ. ಒಂದು ಎಚ್ಚರಿಕೆ ಮಾತ್ರ ಬೇಕು: ಆಯೋಗ ಲೆಕ್ಕಕ್ಕೆ ಹಿಡಿಯುವುದು ಡೆಡ್ ಸ್ಟೋರೇಜ್ ಕಳೆದು ಬಳಕೆಗೆ ಸಿಗುವ ನೀರನ್ನು, ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಬರುವುದು ಒಟ್ಟು ನೀರು. ಪಟ್ಟಿಗೊಂದು, ಗೆರೆಗೊಂದು ಲೆಕ್ಕ ಹಿಡಿದರೆ ಇಡೀ ಚಿತ್ರ ಸುಳ್ಳಾಗುತ್ತದೆ.

ಲೆಕ್ಕ ತೋರಿಸುವುದಕ್ಕಾಗಿ, ಆಗಸ್ಟ್ ಆರಂಭದ ಒಂದು ದಿನಕ್ಕೆ ಕೆಆರ್‌ಎಸ್‌ನ ಹತ್ತು ವರ್ಷಗಳ ಸರಾಸರಿ 35 ಟಿಎಂಸಿ ಎಂದುಕೊಳ್ಳೋಣ. ಇದು ಕಲ್ಪಿತ ಅಂಕಿ. 35ರ ಶೇ 40 ಎಂದರೆ 14. ಸೊನ್ನೆಯಿಂದ 14ರವರೆಗೆ ಅತಿ ಗಾಢ ಛಾಯೆ, ತೀವ್ರ ಕೊರತೆ. 14ರಿಂದ 28ರವರೆಗೆ ಕೊರತೆ. 28ರಿಂದ 35ರವರೆಗೆ ವಾಡಿಕೆಗೆ ಸಮೀಪ. ಅಲ್ಲಿಂದ 49.45ರ ತನಕ ಅತಿ ತಿಳಿ ಛಾಯೆ. 35ರಲ್ಲಿ ಸರಾಸರಿಯ ಗೆರೆ. ಇಂದಿನ 31 ಟಿಎಂಸಿ ಕಪ್ಪು ಪಟ್ಟಿಯಾಗಿ ಮೂರನೆಯ ಛಾಯೆಯೊಳಗೆ ಬಂದು ನಿಲ್ಲುತ್ತದೆ, ಗೆರೆಗೆ 4 ಟಿಎಂಸಿ ಹಿಂದೆ. ಕಳೆದ ವರ್ಷ ಇದೇ ದಿನ 22 ಇತ್ತು ಎಂದಾದರೆ ಅಲ್ಲೊಂದು ತೆಳು ಗೆರೆ. ಓದುಗನಿಗೆ ಸಿಕ್ಕ ಉತ್ತರ: ಹೋದ ವರ್ಷಕ್ಕಿಂತ ಎಷ್ಟೋ ವಾಸಿ, ವಾಡಿಕೆಗೆ ಇನ್ನೂ ಸ್ವಲ್ಪ ಬಾಕಿ. ತಿಂಗಳು ಕಳೆದರೆ ಸರಾಸರಿ ಬದಲಾಗುತ್ತದೆ, ಅದರ ಜೊತೆ ಛಾಯೆಗಳೂ ಸರಿಯುತ್ತವೆ. ಅದೇ 31 ಟಿಎಂಸಿ ಜೂನ್‌ನಲ್ಲಿ ಒಂದು ಛಾಯೆಯಲ್ಲೂ ಅಕ್ಟೋಬರ್‌ನಲ್ಲಿ ಇನ್ನೊಂದರಲ್ಲೂ ನಿಲ್ಲುವುದು ಹೀಗೆ.

ಕಾವೇರಿ ಕೊಳ್ಳದ ಇನ್ನು ಮೂರು ಜಲಾಶಯಗಳನ್ನು ಕೆಳಗೆ ಸೇರಿಸಿದಾಗ ಇದರ ನಿಜವಾದ ಉಪಯೋಗ ತಿಳಿಯುತ್ತದೆ. ಹೇಮಾವತಿಯ ಸಾಮರ್ಥ್ಯ 37.10 ಟಿಎಂಸಿ, ಕಬಿನಿ 19.52, ಹಾರಂಗಿ 8.50. ನಾಲ್ಕನ್ನೂ ಒಂದೇ ಟಿಎಂಸಿ ಅಳತೆಪಟ್ಟಿಯಲ್ಲಿ ಬರೆದರೆ ಕೆಆರ್‌ಎಸ್ 10 ಸೆಂಟಿಮೀಟರ್ ಹಿಡಿದಾಗ ಹಾರಂಗಿಗೆ ಸಿಗುವುದು 1.7 ಸೆಂಟಿಮೀಟರ್. ಅಷ್ಟರಲ್ಲಿ ನಾಲ್ಕು ಛಾಯೆ, ಎರಡು ಗೆರೆ ತೂರಿಸಲಾಗದು. ಶೇಕಡಾವಾರು ಬರೆದರೆ ಎಲ್ಲಕ್ಕೂ ಸಮ ಜಾಗ ಸಿಗುತ್ತದೆ, ಆದರೆ ಬೇರೊಂದು ಭ್ರಮೆ ಹುಟ್ಟುತ್ತದೆ. ಕೇರಳದ ವಯನಾಡಿನ ಮಳೆಯಿಂದ ಕಬಿನಿ ಸಾಮಾನ್ಯವಾಗಿ ಬೇಗ ತುಂಬುತ್ತದೆ. ಅಲ್ಲಿ 18.5, ಹಾರಂಗಿಯಲ್ಲಿ 7.7 ಟಿಎಂಸಿ ಇದ್ದರೆ ಎರಡೂ ಪಟ್ಟಿಗಳು ಶೇ 90 ದಾಟಿ ಬೀಗುತ್ತವೆ. ಎರಡರ ನೀರನ್ನೂ ಕೂಡಿಸಿದರೆ 26.2. ಶೇ 63ರಷ್ಟೇ ತುಂಬಿದ ಕೆಆರ್‌ಎಸ್‌ನಲ್ಲಿರುವುದು ಅದಕ್ಕಿಂತ ಹೆಚ್ಚು. ಆದ್ದರಿಂದ ಪಟ್ಟಿ ಶೇಕಡಾದಲ್ಲಿರಲಿ, ಪ್ರತಿ ಸಾಲಿನ ಬಲತುದಿಯಲ್ಲಿ ಟಿಎಂಸಿ ಅಂಕಿ ಇರಲಿ. ಪಟ್ಟಿ ನೆಟ್ಟಗಿರುವುದರಿಂದ ಆ ಅಂಕಿಗೆ ಜಾಗ ತಾನಾಗಿಯೇ ಉಳಿದಿರುತ್ತದೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರದಿಗಳಲ್ಲಿ ಲಿಂಗನಮಕ್ಕಿಯಿಂದ ನಾರಾಯಣಪುರದವರೆಗೆ ರಾಜ್ಯದ 14 ಪ್ರಮುಖ ಜಲಾಶಯಗಳ ಅಂಕಿ ಇರುತ್ತವೆ. ಹದಿನಾಲ್ಕನ್ನೂ ಗೇಜ್ ಮಾಡಿ, ಹೆಸರು ಸೇರಿ ತಲಾ 6 ಸೆಂಟಿಮೀಟರ್ ಅಗಲ, 4.5 ಎತ್ತರ ಕೊಟ್ಟರೆ, ಸಾಲಿಗೆ ಮೂರರಂತೆ ಐದು ಸಾಲಾಗಿ ಮ್ಯಾಗಝೀನಿನ ಒಂದು ಪುಟ ಮುಗಿಯುತ್ತದೆ. ಬುಲೆಟ್ ಚಾರ್ಟಿನಲ್ಲಿ ಜಲಾಶಯಕ್ಕೆ ಒಂದು ಸೆಂಟಿಮೀಟರಿನ ಸಾಲು ಸಾಕು; ಹದಿನಾಲ್ಕೂ ಒಂದರ ಕೆಳಗೊಂದು ಕೂತು, ಯಾವುವು ಗೆರೆಯಿಂದ ಹಿಂದುಳಿದಿವೆ ಎಂದು ಕಣ್ಣು ಮೇಲಿನಿಂದ ಕೆಳಗೆ ಒಮ್ಮೆ ಇಳಿದರೆ ಗೊತ್ತಾಗುತ್ತದೆ. ಮೊಬೈಲಿನ ಕಿರಿದಾದ ಪರದೆಯಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು.

ಬುಲೆಟ್ ಚಾರ್ಟಿನಲ್ಲೂ ಮೋಸವಾಗುವ ಜಾಗಗಳಿವೆ. ಪಟ್ಟಿಯ ಉದ್ದವೇ ಅಳತೆಯಾದ್ದರಿಂದ ಅಂಕಿಗಳ ಸಾಲು ಸೊನ್ನೆಯಿಂದಲೇ ಶುರುವಾಗಬೇಕು. ಹಾಗಂತ ಎಲ್ಲವನ್ನೂ ಸೊನ್ನೆಯಿಂದ ಶುರು ಮಾಡಲಾಗುವುದಿಲ್ಲ. ಲಿಂಗನಮಕ್ಕಿಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೇಸಿಗೆಯಲ್ಲಿ ನೀರು 1750ಕ್ಕೆ ಇಳಿದು ಜಲಾಶಯ ಬರಿದಾಗುತ್ತ ಬಂದಾಗಲೂ ಸೊನ್ನೆಯಿಂದ ಎಳೆದ ಪಟ್ಟಿ ಶೇ 96ರವರೆಗೆ ತುಂಬಿರುತ್ತದೆ. ಇಂಥ ಕಡೆ ಪಟ್ಟಿ ಬಿಟ್ಟು ಚುಕ್ಕೆ ಇಡಬೇಕೆಂದು ಫ್ಯೂ ಅವರ ನಿಯಮವೇ ಹೇಳುತ್ತದೆ. ಚುಕ್ಕೆಗೆ ಉದ್ದವಿಲ್ಲ, ಸ್ಥಾನ ಮಾತ್ರ ಇದೆ. ಆದ್ದರಿಂದ ಅಳತೆಪಟ್ಟಿ 1740ರಿಂದ ಶುರುವಾದರೂ ಅದು ತಪ್ಪು ದಾರಿಗೆ ಎಳೆಯುವುದಿಲ್ಲ.

ಅಡಿಗಳ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಕೆಆರ್‌ಎಸ್ ಪೂರ್ತಿ ತುಂಬಿದರೆ 124.80 ಅಡಿ. 100 ಅಡಿ ಎಂದಾಕ್ಷಣ ಐದರಲ್ಲಿ ನಾಲ್ಕು ಪಾಲು ತುಂಬಿತು ಅನ್ನಿಸುತ್ತದೆ. ನಿಜಕ್ಕೂ ಆಗ ಅಲ್ಲಿರುವುದು ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ ನೀರು. ಜಲಾಶಯ ಮೇಲೆ ಹೋದಂತೆ ಅಗಲವಾಗುವುದರಿಂದ ಮೇಲಿನ ಒಂದೊಂದು ಅಡಿಯೂ ಕೆಳಗಿನ ಅಡಿಗಿಂತ ಬಹಳ ಹೆಚ್ಚು ನೀರು ಹಿಡಿಯುತ್ತದೆ. ಗೇಜ್ ಆಗಲಿ ಬುಲೆಟ್ ಆಗಲಿ, ಜನರಿಗೆ ನೀರೆಷ್ಟಿದೆ ಎಂದು ಹೇಳಬೇಕಾದರೆ ಬರೆಯಬೇಕಾದದ್ದು ಟಿಎಂಸಿಯನ್ನು.

ಟ್ಯಾಬ್ಲೋದಲ್ಲಿ ಬುಲೆಟ್ ಚಾರ್ಟ್ ಸಿದ್ಧವಾಗಿಯೇ ಸಿಗುತ್ತದೆ. ಎಕ್ಸೆಲ್‌ನಲ್ಲಿ ಜೋಡಿಸಿಕೊಳ್ಳಬೇಕು, ಅಲ್ಲಿ ಎರಡು ಕಡೆ ಎಡವುವುದು ಸಾಮಾನ್ಯ. ಛಾಯೆಗಳನ್ನು ಒಂದರ ಮೇಲೊಂದು ಪೇರಿಸುವ ಸ್ಟ್ಯಾಕ್ಡ್ ಬಾರ್‌ಗೆ ಗಡಿಗಳನ್ನಲ್ಲ, ಪ್ರತಿ ಹಂತದ ಅಗಲವನ್ನು ಕೊಡಬೇಕು. ಮೇಲಿನ ಉದಾಹರಣೆಯಲ್ಲಿ 14, 28, 35, 49.45 ಎಂದು ತುಂಬಿದರೆ ಪಟ್ಟಿ 126ರವರೆಗೆ ಓಡುತ್ತದೆ; ತುಂಬಬೇಕಾದದ್ದು 14, 14, 7, 14.45. ಆಮೇಲೆ ಇಂದಿನ ಅಳತೆಯ ಕಪ್ಪು ಪಟ್ಟಿಯನ್ನು ತೆಳ್ಳಗೆ ಮಾಡಲು ಅದನ್ನು ಎರಡನೆಯ ಅಕ್ಷಕ್ಕೆ ಸಾಗಿಸುತ್ತಾರೆ. ಆ ಅಕ್ಷಕ್ಕೆ ಎಕ್ಸೆಲ್ ತನ್ನಷ್ಟಕ್ಕೆ ಬೇರೆ ಗರಿಷ್ಠ ಬೆಲೆ ಹಾಕಿಕೊಳ್ಳುತ್ತದೆ. ಹಿಂದಿನ ಛಾಯೆಗಳು 60ರವರೆಗಿನ ಅಳತೆಯಲ್ಲಿ, ಕಪ್ಪು ಪಟ್ಟಿ 35ರವರೆಗಿನ ಅಳತೆಯಲ್ಲಿ ಬಂದರೆ 31 ಟಿಎಂಸಿ ಎಂಬುದು ಜಲಾಶಯ ತುಂಬಿ ಹರಿದಂತೆ ಕಾಣುತ್ತದೆ. ಎರಡೂ ಅಕ್ಷಗಳಿಗೆ ಒಂದೇ ಕನಿಷ್ಠ, ಒಂದೇ ಗರಿಷ್ಠವನ್ನು ಕೈಯಾರೆ ಕೊಟ್ಟು, ಕಪ್ಪು ಪಟ್ಟಿಯ ತುದಿ ಕೆಳಗಿನ 31ಕ್ಕೆ ನೇರವಾಗಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಎರಡನೆಯ ಅಕ್ಷವನ್ನು ಅಳಿಸಬೇಕು.

ಮುಳ್ಳಿನ ಗೇಜ್ ಎಲ್ಲ ಕಡೆಯೂ ತಪ್ಪೆಂದು ಇದರ ಅರ್ಥವಲ್ಲ. ಕ್ಷಣಕ್ಷಣಕ್ಕೂ ಬದಲಾಗುವ ಅಳತೆಯಲ್ಲಿ ಮುಳ್ಳು ಎಲ್ಲಿದೆ ಎನ್ನುವುದರ ಜೊತೆಗೆ ಎಷ್ಟು ಬೇಗ ಸರಿಯುತ್ತಿದೆ ಎಂಬುದೂ ಕಣ್ಣಂಚಿಗೆ ಕಾಣುತ್ತದೆ. 1988ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ320 ವಿಮಾನದ ಕಾಕ್‌ಪಿಟ್‌ನಲ್ಲಿ ವೇಗ ತೋರಿಸುವುದು ದುಂಡು ಮುಖದ ಬದಲು ಪರದೆಯಲ್ಲಿನ ನೆಟ್ಟಗಿನ ಪಟ್ಟಿ. ಸರಿಯುವ ಮುಳ್ಳು ಕೊಡುತ್ತಿದ್ದ ಆ ಸುಳಿವನ್ನು ಆ ಪಟ್ಟಿಯ ಪಕ್ಕದಲ್ಲಿ ಒಂದು ಬಾಣ ಕೊಡುತ್ತದೆ. ವೇಗ ಹೀಗೇ ಬದಲಾದರೆ ಇನ್ನು ಹತ್ತು ಸೆಕೆಂಡಿಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಆ ಬಾಣದ ತುದಿ ಹೇಳುತ್ತದೆ. ಜಲಾಶಯದ ಅಂಕಿ ದಿನಕ್ಕೊಮ್ಮೆ ಬರುತ್ತದೆ. ಅಲ್ಲಿ ಮುಳ್ಳು ಓಲಾಡುವ ಪ್ರಶ್ನೆಯೇ ಇಲ್ಲ.

ಆ ಬಾಣದ ಕೆಲಸ ಬುಲೆಟ್ ಚಾರ್ಟಿಗೂ ಬರುವುದಿಲ್ಲ. 31 ಟಿಎಂಸಿ ವಾರದ ಹಿಂದಿನ 20ರಿಂದ ಏರಿ ಬಂದದ್ದೋ, 36ರಿಂದ ಇಳಿದದ್ದೋ ಎಂದು ಅದು ಹೇಳದು. ಕೊಡಗಿನಲ್ಲಿ ಮಳೆ ಹಿಡಿದ ವಾರದಲ್ಲಿ ಜನ ಮೊದಲು ಕೇಳುವುದು ಅದನ್ನೇ. ಅದಕ್ಕೆ ಪ್ರತಿ ಸಾಲಿನ ಪಕ್ಕ ಕಳೆದ ಮೂವತ್ತು ದಿನಗಳ ಏರಿಳಿತದ ಒಂದು ಸಣ್ಣ ಗೆರೆಚಿತ್ರ ಬೇಕು. ಬೆರಳಿನಷ್ಟು ಅಗಲ, ಅದೇ ಸಾಲಿನ ಎತ್ತರ ಸಾಕು. ಗೇಜ್ ತೆಗೆದಾಗ ಬಿಡುವಾದ ಜಾಗದಲ್ಲಿ ಹದಿನಾಲ್ಕು ಜಲಾಶಯಗಳಿಗೂ ಅದು ಹಿಡಿಸುತ್ತದೆ.